50 ಎಂಬುದು ಚೈನಿನ ಮಿತಿ, ರಸ್ತೆಯದ್ದಲ್ಲ

ಕಾರಿನ ಟೈರಿಗೆ ಹಾಕುವ ಸ್ನೋ ಚೈನಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ ಒಂದು ಅಂಕಿ ಅಚ್ಚಾಗಿರುತ್ತದೆ: ಗಂಟೆಗೆ 50 ಕಿಲೋಮೀಟರ್. ಅದೇ ಕೆಲಸಕ್ಕೆ ಬಳಸುವ ಬಟ್ಟೆಯ ಸ್ನೋ ಸಾಕ್ಸ್ ಮೇಲೂ ಬಹುಮಟ್ಟಿಗೆ ಇದೇ ಅಂಕಿ. ಹಿಮ ಕಾಣದ ಊರಿನಿಂದ ಹಿಮದ ರಸ್ತೆಗೆ ಹೋಗುವವರು ಇದನ್ನು ಓದುವ ರೀತಿಯಲ್ಲೇ ಒಂದು ಅಪಾಯ ಅಡಗಿದೆ. ಚೈನ್ ಹಾಕಿದ ಮೇಲೆ 50ರ ತನಕ ಓಡಿಸಬಹುದು, ತಯಾರಕನೇ ಭರವಸೆ ಕೊಟ್ಟಿದ್ದಾನೆ ಎಂದು ಅವರು ಅರ್ಥ ಮಾಡಿಕೊಳ್ಳುತ್ತಾರೆ. ಆ ಅಂಕಿ ರಸ್ತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕಿಂತ ವೇಗವಾಗಿ ಹೋದರೆ ಚೈನ್ ಹರಿಯಬಹುದು, ಬಟ್ಟೆ ಚಿಂದಿಯಾಗಬಹುದು ಎಂದಷ್ಟೇ ಹೇಳುತ್ತದೆ. ಕಾರು ಎಲ್ಲಿ ನಿಲ್ಲುತ್ತದೆ ಎಂಬುದು ಬೇರೆಯೇ ಲೆಕ್ಕ, ಮತ್ತು ಆ ಲೆಕ್ಕದಲ್ಲಿ ಸಿಗುವ ವೇಗ ಅನೇಕ ಕಡೆ 50ರ ಅರ್ಧಕ್ಕಿಂತಲೂ ಕಡಿಮೆ. ಚೈನ್ ಯಾವಾಗ ಬೇಕು, ಸಾಕ್ಸ್ ಎಲ್ಲಿ ಸಾಕು, ಹೇಗೆ ಹಾಕಬೇಕು, ಯಾವಾಗ ಬಿಚ್ಚಬೇಕು ಎಂಬ ಪ್ರಶ್ನೆಗಳಿಗೆಲ್ಲ ಈ ಎರಡು ಮಿತಿಗಳನ್ನು ಬೇರೆ ಬೇರೆಯಾಗಿ ನೋಡಿದರೆ ಉತ್ತರ ಸುಲಭವಾಗಿ ಸಿಗುತ್ತದೆ.

ಉದಾಹರಣೆಗೆ ಕನ್ನಡಿಗರು ಈಗ ಹೆಚ್ಚಾಗಿ ಹೋಗುವ ಹಿಮದ ರಸ್ತೆಯೊಂದನ್ನೇ ತೆಗೆದುಕೊಳ್ಳೋಣ. ಹಿಮಾಚಲದ ಮನಾಲಿಯಿಂದ ಪಲ್ಚಾನ್, ಸೋಲಂಗ್, ಧುಂಡಿ ದಾಟಿ ಅಟಲ್ ಸುರಂಗದ ದಕ್ಷಿಣ ದ್ವಾರಕ್ಕೆ ಸುಮಾರು 25 ಕಿಲೋಮೀಟರ್. ಮನಾಲಿ ಸಮುದ್ರಮಟ್ಟದಿಂದ 2,050 ಮೀಟರ್ ಆಸುಪಾಸಿನಲ್ಲಿದ್ದರೆ, ದ್ವಾರ 3,060 ಮೀಟರ್ ಎತ್ತರದಲ್ಲಿದೆ. 2020ರ ಅಕ್ಟೋಬರ್ 3ರಂದು ಸುರಂಗ ತೆರೆದ ಮೇಲೆ, ಚಳಿಗಾಲದಲ್ಲಿ ಹಿಮ ಮುಚ್ಚಿಕೊಳ್ಳುವ ಲಾಹೌಲ್ ಕಣಿವೆಗೆ ಸಾಮಾನ್ಯ ಕಾರುಗಳೂ ಹೋಗತೊಡಗಿದವು. ಹಿಮ ಬಿದ್ದ ದಿನಗಳಲ್ಲಿ ಪೊಲೀಸರು ಕೆಳಗೇ ವಾಹನ ತಡೆದು, ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಫೋರ್ ಬೈ ಫೋರ್ ಗಾಡಿಗಳನ್ನು, ಇಲ್ಲವೇ ಚೈನ್ ಹಾಕಿದವುಗಳನ್ನು ಮಾತ್ರ ಮುಂದಕ್ಕೆ ಬಿಡುತ್ತಾರೆ. 2024ರ ಡಿಸೆಂಬರ್ ಕೊನೆಯ ವಾರದಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ನೂರಾರು ವಾಹನಗಳು ಹಿಮದಲ್ಲಿ ಸಿಕ್ಕಿಬಿದ್ದು, ಪ್ರವಾಸಿಗರನ್ನು ಪೊಲೀಸರು ಹೊರತರಬೇಕಾಯಿತು. ಇಲ್ಲಿಗೆ ಬರುವ ಬಯಲುಸೀಮೆಯ ಕಾರುಗಳಲ್ಲಿ ಬಹುತೇಕ ಎಲ್ಲಕ್ಕೂ ನಮ್ಮ ಬಿಸಿಲಿಗೆ ಹೊಂದುವ ಟೈರುಗಳೇ ಇರುತ್ತವೆ. ಯುರೋಪಿನಲ್ಲಿ ಚಳಿಗಾಲದ ಟೈರು ಮೊದಲ ರಕ್ಷಣೆ, ಚೈನ್ ಅದರ ಮೇಲಿನ ಆಸರೆ. ಇಲ್ಲಿ ಚೈನ್ ಒಂದೇ ಆಸರೆ. ಆದ್ದರಿಂದ ಅದರಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ತಿಳಿಯುವುದು ಇಲ್ಲಿ ಇನ್ನೂ ಮುಖ್ಯ.

ಲೆಕ್ಕ ಕಷ್ಟದ್ದಲ್ಲ. ಒಣ ಟಾರಿನ ಮೇಲೆ ಟೈರು ತನ್ನ ಮೇಲಿರುವ ಭಾರದ ಶೇಕಡಾ 70ರಿಂದ 80ರಷ್ಟನ್ನು ಹಿಡಿತವಾಗಿ ಬಳಸಿಕೊಳ್ಳಬಲ್ಲದು. ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಇದು ಸುಮಾರು 20ಕ್ಕೆ ಇಳಿಯುತ್ತದೆ, ಮಂಜುಗಡ್ಡೆಯ ಮೇಲೆ 10 ಅಥವಾ ಅದಕ್ಕೂ ಕಡಿಮೆ. ಈಗ ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯೊಂದನ್ನು ಊಹಿಸಿಕೊಳ್ಳಿ. ಅದನ್ನು ಹತ್ತಲು ಕಾರಿನ ಒಟ್ಟು ತೂಕದ ಶೇ. 8ರಷ್ಟು ತಳ್ಳುವ ಬಲ ಬೇಕು. ಎಂಜಿನ್ ಬಲ ಮುಂದಿನ ಚಕ್ರಗಳಿಗೆ ಮಾತ್ರ ಹೋಗುವ ಕಾರಿನಲ್ಲಿ ಆ ಚಕ್ರಗಳ ಮೇಲಿರುವುದು ತೂಕದ ಸುಮಾರು 60 ಪಾಲು. ಗಟ್ಟಿ ಹಿಮದಲ್ಲಿ ಆ 60ರ ಐದನೇ ಒಂದು ಭಾಗ, ಅಂದರೆ 12 ಪಾಲು ಸಿಗುತ್ತದೆ, ಕಾರು ಹೇಗೋ ಹತ್ತುತ್ತದೆ. ಮಂಜುಗಡ್ಡೆಯಲ್ಲಿ ಸಿಗುವುದು 6. ಬೇಕಾದದ್ದು 8, ಸಿಕ್ಕಿದ್ದು 6. ಎಂಜಿನ್ ಎಷ್ಟೇ ದೊಡ್ಡದಿದ್ದರೂ ಚಕ್ರ ನಿಂತಲ್ಲೇ ಗರಗರ ತಿರುಗುತ್ತದೆ. ಹಾಗೆ ತಿರುಗಿದಷ್ಟೂ ಅಡಿಯ ಹಿಮ ಕರಗಿ ನುಣುಪಾಗುವುದರಿಂದ ಹಿಡಿತ ಇನ್ನೂ ಕುಗ್ಗುತ್ತದೆ. ಚೈನ್ ನೆರವಾಗುವುದು ಈ ಹಂತದಲ್ಲಿ. ಉಕ್ಕಿನ ಕೊಂಡಿಗಳು ಕಾರಿನ ಭಾರವನ್ನು ಸಣ್ಣ ಸಣ್ಣ ಜಾಗಗಳಲ್ಲಿ ಒತ್ತಿ, ಹಿಮವನ್ನೂ ಮಂಜುಗಡ್ಡೆಯ ಮೇಲ್ಪದರವನ್ನೂ ಕಚ್ಚಿಕೊಳ್ಳುತ್ತವೆ.

ಹತ್ತುವುದು ಈ ಕಥೆಯ ಸುಲಭದ ಭಾಗ. ಅದೇ ರಸ್ತೆಯಲ್ಲಿ ಇಳಿಯುವಾಗ ಇಳಿಜಾರು ಕಾರನ್ನು ಮುಂದಕ್ಕೆ ದೂಡುತ್ತಿರುತ್ತದೆ, ಬ್ರೇಕಿಗೆ ಸಿಗುವ ಹಿಡಿತದಲ್ಲಿ ಆ 8 ಪಾಲನ್ನು ಮೊದಲು ಕಳೆಯಬೇಕು. ಗಟ್ಟಿ ಹಿಮದಲ್ಲಿ ನಾಲ್ಕೂ ಚಕ್ರ ಸೇರಿ 20 ಪಾಲು ಹಿಡಿತ ಕೊಟ್ಟರೆ, ನಿಲ್ಲಿಸಲು ಉಳಿಯುವುದು 12 ಮಾತ್ರ. 50ರ ವೇಗದಲ್ಲಿ ಬ್ರೇಕ್ ಒತ್ತಿದರೆ ಕಾರು 80 ಮೀಟರಿಗೂ ಹೆಚ್ಚು ಜಾರಿ ನಿಲ್ಲುತ್ತದೆ. ಸಮತಟ್ಟಾದ ಒಣ ಟಾರಿನಲ್ಲಿ ಅದೇ ವೇಗದ ಕಾರಿಗೆ 14 ಮೀಟರ್ ಸಾಕು. ಚೈನಿನಿಂದ ನಾಲ್ಕೂ ಚಕ್ರಗಳ ಸರಾಸರಿ ಹಿಡಿತ 30ಕ್ಕೆ ಏರಿತೆಂದು ಉದಾರವಾಗಿಯೇ ಊಹಿಸೋಣ. ಆಗಲೂ ಈ ಇಳಿಜಾರಿನಲ್ಲಿ 50ರಿಂದ ನಿಲ್ಲಲು 45 ಮೀಟರ್ ಬೇಕು. 30ರಿಂದ ಆದರೆ 16 ಮೀಟರ್, 20ರಿಂದ ಏಳೇ ಮೀಟರ್. ಕಾಲು ಬ್ರೇಕಿನ ಮೇಲೆ ಹೋಗುವ ಮೊದಲು ಕಳೆಯುವ ಒಂದು ಸೆಕೆಂಡಿನಲ್ಲಿ 50ರ ಕಾರು ಇನ್ನೂ 14 ಮೀಟರ್ ಸಾಗಿರುತ್ತದೆ. ಒಂದೆಡೆ ಪ್ರಪಾತ, ಇನ್ನೊಂದೆಡೆ ನಿಂತ ಗಾಡಿಗಳ ಸಾಲು ಇರುವ ಹೇರ್‌ಪಿನ್ ತಿರುವಿನಲ್ಲಿ ಮುಂದಿನ 45 ಮೀಟರ್ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ಇಳಿಯುವಾಗ ಚೈನ್ ಇದ್ದರೂ 20ರಿಂದ 30, ಮೊದಲ ಅಥವಾ ಎರಡನೇ ಗೇರ್, ಬ್ರೇಕಿನ ಮೇಲೆ ಹಗುರ ಕಾಲು. ಈ ಮಿತಿಯನ್ನು ಹಾಕುವುದು ರಸ್ತೆ, ಡಬ್ಬಿಯಲ್ಲ.

ಹಾಗಾದರೆ ಡಬ್ಬಿಯ 50 ಎಲ್ಲಿಂದ ಬಂತು? ತಿರುಗುವ ಚಕ್ರದ ಅಂಚಿನಲ್ಲಿರುವ ಪ್ರತಿ ಕೊಂಡಿಯೂ ಹೊರಕ್ಕೆ ಚಿಮ್ಮಲು ಹವಣಿಸುತ್ತದೆ. ಸಾಧಾರಣ ಅಳತೆಯ ಟೈರಿನಲ್ಲಿ 50ರ ವೇಗಕ್ಕೆ ಈ ಎಳೆತ ಕೊಂಡಿಯ ಸ್ವಂತ ತೂಕದ 60 ಪಟ್ಟು ಆಗುತ್ತದೆ. ನೂರು ಗ್ರಾಂ ತೂಕದ ಚೈನಿನ ತುಂಡು ಆರು ಕಿಲೋ ಭಾರದಂತೆ ಹೊರಕ್ಕೆ ಜಗ್ಗುತ್ತದೆ. ವೇಗ 80ಕ್ಕೆ ಏರಿದರೆ ಎಳೆತ ಎರಡೂವರೆ ಪಟ್ಟಾಗಿ, ಅದೇ ತುಂಡು 15 ಕಿಲೋದಂತೆ ಜಗ್ಗುತ್ತದೆ. ಆಗ ಚೈನ್ ಟೈರಿನಿಂದ ಮೇಲೆದ್ದು ಮಡ್‌ಗಾರ್ಡಿನ ಒಳಭಾಗಕ್ಕೆ, ಬ್ರೇಕಿನ ಕೊಳವೆಗೆ, ಚಕ್ರದ ವೇಗ ಅಳೆಯುವ ಸೆನ್ಸರಿನ ತಂತಿಗೆ ಬಡಿಯತೊಡಗುತ್ತದೆ. ತುಂಡಾದ ಚೈನ್ ಮಾಡುವ ಹಾನಿ, ಚೈನೇ ಇಲ್ಲದೆ ಜಾರುವ ಹಾನಿಗಿಂತ ಕಡಿಮೆಯೇನಲ್ಲ. ಈ ಕಾರಣಕ್ಕೆ ಜರ್ಮನಿಯ ಸಂಚಾರ ಕಾನೂನು ಚೈನ್ ಹಾಕಿದ ವಾಹನಕ್ಕೆ 50ರ ಮಿತಿ ಹಾಕಿದೆ. ಕ್ಯಾಲಿಫೋರ್ನಿಯಾ ಇನ್ನೂ ಬಿಗಿ. ಚೈನ್ ಕಡ್ಡಾಯವಾದ ಹೆದ್ದಾರಿಯಲ್ಲಿ ಅಲ್ಲಿನ ವೇಗ ಗಂಟೆಗೆ 25 ಅಥವಾ 30 ಮೈಲಿ, ಅಂದರೆ 40 ಅಥವಾ 48 ಕಿಲೋಮೀಟರ್. ಬೇ ಏರಿಯಾದಿಂದ ತಾಹೋ ಸರೋವರದ ಕಡೆಗೆ ಹೋಗುವ ಕನ್ನಡಿಗರು ದಾರಿಯಲ್ಲಿ R1, R2, R3 ಎಂಬ ಫಲಕ ನೋಡಿರುತ್ತಾರೆ. R2ರಲ್ಲಿ ನಾಲ್ಕೂ ಚಕ್ರಕ್ಕೆ ಬಲವಿದ್ದು ನಾಲ್ಕಕ್ಕೂ ಹಿಮದ ಟೈರಿರುವ ಕಾರಿಗೆ ವಿನಾಯಿತಿ ಉಂಟು. R3 ಬಂದರೆ ಯಾರಿಗೂ ಇಲ್ಲ.

ಈಗ ಬಟ್ಟೆಯ ಸಾಕ್ಸ್ ಕಡೆಗೆ ಬರೋಣ. ಇದು ಪಾಲಿಯೆಸ್ಟರ್ ನೂಲಿನಿಂದ ನೇಯ್ದು, ಅಂಚಿಗೆ ಎಲಾಸ್ಟಿಕ್ ಕೊಟ್ಟು, ಟೈರಿಗೆ ತೊಡಿಸುವ ಗವಸು. ಹಿಮದ ಮೇಲೆ ರಬ್ಬರ್ ಜಾರಲು ಮುಖ್ಯ ಕಾರಣ ನಡುವೆ ಹುಟ್ಟುವ ತೆಳುವಾದ ನೀರಿನ ಪೊರೆ. ಒರಟು ಬಟ್ಟೆ ಆ ಪೊರೆಯನ್ನು ಹೀರಿ, ತನ್ನ ಎಳೆಗಳನ್ನು ಹಿಮಕ್ಕೆ ಅಂಟಿಸುತ್ತದೆ. ಹಗುರ, ಮಡಿಸಿದರೆ ಸೀಟಿನ ಕೆಳಗೆ ಹಿಡಿಸುತ್ತದೆ, ಸದ್ದಿಲ್ಲ, ಚಕ್ರದ ಸುತ್ತ ಉಕ್ಕಿನ ಚೈನಿಗೆ ಜಾಗ ಸಾಲದ ಕಾರುಗಳಿಗೂ ಆಗುತ್ತದೆ. ದೊಡ್ಡ ರಿಮ್ ಮತ್ತು ಅಗಲ ಟೈರಿನ ಹೊಸ ಕಾರುಗಳ ಕೈಪಿಡಿಯಲ್ಲಿ ಈ ಟೈರಿಗೆ ಚೈನ್ ಹಾಕಬಾರದು ಎಂದು ಬರೆದಿರುವುದುಂಟು. ಅಂಥವರಿಗೆ ಸಾಕ್ಸ್ ಒಂದು ದಾರಿ. ಆದರೆ ಅದರ ಕ್ಷೇತ್ರ ಚಿಕ್ಕದು. ಹೊಸ ಹಿಮ ಮತ್ತು ವಾಹನಗಳು ತುಳಿದ ಹಿಮದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಗಟ್ಟಿ ಮಂಜುಗಡ್ಡೆಯ ಕಡಿದಾದ ಏರಿನಲ್ಲಿ ಉಕ್ಕಿನಷ್ಟು ಕಚ್ಚುವುದಿಲ್ಲ. ಬರಿಯ ಟಾರ್ ಅಥವಾ ಕಾಂಕ್ರೀಟ್ ತಾಗಿದರಂತೂ ಬೇಗ ಸವೆದು ತೂತಾಗುತ್ತದೆ. ಇನ್ನು ಕಾರಿನ ಹೊಟ್ಟೆಯೇ ಹಿಮದ ಮೇಲೆ ಕೂರುವಷ್ಟು ಆಳವಿದ್ದರೆ ಬಟ್ಟೆಯೂ ಉಪಯೋಗವಿಲ್ಲ, ಉಕ್ಕೂ ಇಲ್ಲ, ಸಲಿಕೆಯೇ ಗತಿ.

ಆಯ್ಕೆಯನ್ನು ನಿರ್ಧರಿಸುವುದು ರಸ್ತೆಯಲ್ಲಿ ಹಿಮ ಎಷ್ಟು ದೂರ ಬಿಡದೆ ಹಾಸಿದೆ ಎಂಬ ಅಂಶ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಕೆಸರುಗದ್ದೆಗೆ ಇಳಿಯುವ ಟ್ರಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಅದು ಕೆಸರಿನಲ್ಲಿ ಅದ್ಭುತ, ಡಾಂಬರು ರಸ್ತೆಗೆ ಬಂದರೆ ರಸ್ತೆಗೂ ಕೇಡು, ಚಕ್ರಕ್ಕೂ ಕೇಡು. ಚೈನ್ ಮತ್ತು ಸಾಕ್ಸ್ ಅದೇ ಜಾತಿಯವು. ಮನಾಲಿಯ ರಸ್ತೆಯಲ್ಲಿ ಈ ಮಾತು ಕಣ್ಣಿಗೆ ಕಟ್ಟುವಂತಿದೆ. ದಕ್ಷಿಣ ದ್ವಾರದ ತನಕ ಹಿಮ, ಒಳಗೆ 9.02 ಕಿಲೋಮೀಟರ್ ಹಿಮವೇ ಇಲ್ಲದ ಗಟ್ಟಿ ರಸ್ತೆ, ಉತ್ತರ ದ್ವಾರದಿಂದ ಸಿಸ್ಸು ಕಡೆಗೆ ಮತ್ತೆ ಹಿಮ. ಸಾಕ್ಸ್ ತೊಟ್ಟೇ ಸುರಂಗದೊಳಗೆ ನುಗ್ಗಿದರೆ ಆಚೆ ಹಿಮ ಶುರುವಾಗುವ ಹೊತ್ತಿಗೆ ಚಕ್ರದ ಮೇಲೆ ಉಳಿಯುವುದು ಚಿಂದಿ. ಉಕ್ಕಿನ ಚೈನ್ ತಡೆದುಕೊಂಡೀತು, ಆದರೆ ಒಂಬತ್ತು ಕಿಲೋಮೀಟರ್ ಗಟ್ಟಿ ನೆಲದಲ್ಲಿ ಕೊಂಡಿಗಳು ಸವೆಯುತ್ತವೆ, ಒಣ ನೆಲದಲ್ಲಿ ರಬ್ಬರಿನ ಬದಲು ಉಕ್ಕಿನ ಮೇಲೆ ನಿಂತ ಕಾರಿನ ಬ್ರೇಕ್ ಹಿಡಿತವೂ ಕುಗ್ಗುತ್ತದೆ. ಸರಿಯಾದ ಕ್ರಮವೆಂದರೆ ಎರಡೂ ದ್ವಾರಗಳ ಬಳಿ ಸುರಕ್ಷಿತ ಜಾಗ ನೋಡಿ ಬಿಚ್ಚುವುದು, ಮತ್ತೆ ಹಾಕುವುದು. ಅಷ್ಟು ಸಲ ಹಾಕಿ ಬಿಚ್ಚುವ ತಾಳ್ಮೆ, ಚಳಿಯಲ್ಲಿ ಕೆಲಸ ಮಾಡುವ ಕೈಗಳು ಇಲ್ಲದವರು ಅಂದು ಸುರಂಗದ ಆಚೆ ಹೋಗದಿರುವುದೇ ಲೇಸು.

ಹಾಕುವ ವಿಧಾನಕ್ಕೆ ಬರುವ ಮೊದಲು ಎರಡು ಸಂಗತಿ ಖಚಿತವಾಗಿ ತಿಳಿದಿರಬೇಕು: ಟೈರಿನ ಅಳತೆ ಮತ್ತು ಯಾವ ಚಕ್ರ. ಅಳತೆ ಟೈರಿನ ಬದಿಯಲ್ಲೇ 205/55 R16 ಎಂಬಂತೆ ಬರೆದಿರುತ್ತದೆ, ಚೈನಿನ ಡಬ್ಬಿಯಲ್ಲಿ ಅದೇ ಅಳತೆ ಇರಬೇಕು. ಚೈನ್ ಹೋಗಬೇಕಾದದ್ದು ಎಂಜಿನ್ ಬಲ ಹೋಗುವ ಚಕ್ರಗಳಿಗೆ. ಸ್ವಿಫ್ಟ್, ಕ್ರೆಟಾದಂಥ ಕಾರುಗಳಲ್ಲಿ ಮುಂದಿನವು, ಬೊಲೆರೊ, ಇನ್ನೋವಾ ಕ್ರಿಸ್ಟಾದಂಥವುಗಳಲ್ಲಿ ಹಿಂದಿನವು. ಎತ್ತರದ ಮೈಕಟ್ಟು ನೋಡಿ ಊಹಿಸಿದರೆ ತಪ್ಪಾಗುತ್ತದೆ, ಕೈಪಿಡಿ ನೋಡಬೇಕು. ಹಿಂದಿನ ಚಕ್ರದ ಗಾಡಿಯ ಮುಂದಿನ ಚಕ್ರಕ್ಕೆ ಚೈನ್ ಹಾಕಿದರೆ ತಳ್ಳುವ ಚಕ್ರಕ್ಕೆ ಏನೂ ದಕ್ಕದು. ಎರಡೇ ಚಕ್ರಕ್ಕೆ ಹಾಕಿದಾಗ ಬರುವ ಇನ್ನೊಂದು ತೊಡಕನ್ನೂ ಅರಿತಿರಬೇಕು. ಮುಂದೆ ಮಾತ್ರ ಚೈನ್ ಇದ್ದರೆ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂಭಾಗ ಕಚ್ಚಿ ನಿಲ್ಲಲು ನೋಡುತ್ತದೆ, ಹಿಂಭಾಗ ಬದಿಗೆ ಜಾರುತ್ತದೆ. ಹಿಂದೆ ಮಾತ್ರ ಇದ್ದರೆ ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರ ಹೋಗುತ್ತದೆ. ಇಳಿಯುವಾಗ 20ರಿಂದ 30ರೊಳಗೇ ಇರಬೇಕೆಂಬುದಕ್ಕೆ ಇದು ಇನ್ನೊಂದು ಕಾರಣ.

ಜಾಗ ಸಮತಟ್ಟಾಗಿರಲಿ, ತಿರುವಿನಿಂದ ದೂರವಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕೂ ದೀಪ ಮಿನುಗಿಸಿ, ಕೈಗೆ ಗವಸು ಹಾಕಿಕೊಳ್ಳಿ. ಚೈನನ್ನು ಮೊದಲು ನೆಲದ ಮೇಲೆ ಹರಡಿ ಸಿಕ್ಕು ಬಿಡಿಸಿ, ಕೊಕ್ಕೆಗಳ ಚೂಪು ತುದಿ ಟೈರಿಗೆ ಚುಚ್ಚದಂತೆ ಹೊರಮುಖವಾಗಿರಲಿ. ಈಗ ಕಾರುಗಳಿಗೆ ಹೆಚ್ಚಾಗಿ ಸಿಗುವ ಬಗೆಯಲ್ಲಿ ಒಳಬದಿಗೊಂದು ಬಾಗುವ ಉಕ್ಕಿನ ಕೇಬಲ್ ಇರುತ್ತದೆ. ಅದನ್ನು ಟೈರಿನ ಹಿಂದಿನಿಂದ ನೆಲದ ಮೇಲೆ ದೂಡಿ, ಎರಡು ತುದಿಗಳನ್ನೂ ಮೇಲಕ್ಕೆತ್ತಿ ಟೈರಿನ ನೆತ್ತಿಯ ಮೇಲೆ ಜೋಡಿಸಬೇಕು. ಆ ಮೇಲೆ ಹೀಗೆ ಉಂಗುರವಾದ ಕೇಬಲನ್ನು ಒಳಬದಿಗೆ ಸರಿಸಿ, ಚೈನಿನ ಬಲೆಯನ್ನು ಟೈರಿನ ಮುಖದ ಮೇಲೆ ಸಮನಾಗಿ ಹರಡಿ, ಹೊರಬದಿಯ ಕೊಕ್ಕೆ ಸಿಕ್ಕಿಸಿ, ಬಿಗಿ ಮಾಡುವ ಚೈನನ್ನು ಎಳೆದು ಉಳಿದ ತುದಿಯನ್ನು ಅಲ್ಲಾಡದಂತೆ ಕಟ್ಟಬೇಕು. ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ನೂರು ಮೀಟರಿನಷ್ಟು ನಿಧಾನವಾಗಿ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿಯಬೇಕು. ಚಕ್ರ ಉರುಳಿದಾಗ ಚೈನ್ ತನ್ನ ಜಾಗ ಹಿಡಿದು ಸಡಿಲವಾಗಿರುತ್ತದೆ, ಹೊಸಬರು ಬಿಡುವುದು ಈ ಹೆಜ್ಜೆಯನ್ನೇ. ಒಂದೇ ಲಯದ ಗರಗರ ಸದ್ದು ಸಹಜ. ಪ್ರತಿ ಸುತ್ತಿಗೂ ಟಪ್ ಟಪ್ ಎಂದು ಬಡಿಯುವ ಸದ್ದು ಬಂದರೆ ಎಲ್ಲೋ ಸಡಿಲವಾಗಿದೆ, ತಕ್ಷಣ ನಿಲ್ಲಿಸಬೇಕು. ಸಾಕ್ಸ್ ಹಾಕುವುದು ಇದಕ್ಕಿಂತ ಸರಳ. ಟೈರಿನ ಮೇಲರ್ಧಕ್ಕೆ ತೊಡಿಸಿ, ಕಾರನ್ನು ಅರ್ಧ ಸುತ್ತು ಉರುಳಿಸಿ, ಉಳಿದರ್ಧವನ್ನು ಎಳೆದುಕೊಂಡರೆ ಸಾಕು, ಸ್ವಲ್ಪ ಓಡಿದ ಮೇಲೆ ತಾನೇ ನಡುವಿಗೆ ಬಂದು ಕೂರುತ್ತದೆ. ಎರಡನ್ನೂ ಮನೆಯ ಮುಂದೆ ಒಣ ನೆಲದಲ್ಲಿ ಒಮ್ಮೆ ಹಾಕಿ ಬಿಚ್ಚಿ ನೋಡಿದವರಿಗೆ, ಬೆರಳು ಮರಗಟ್ಟುವ ಕತ್ತಲಿನಲ್ಲಿ ಅರ್ಧ ಕೆಲಸ ಮುಗಿದಂತೆಯೇ.

ಈ ವಾದಕ್ಕೆ ಆಕ್ಷೇಪಗಳಿವೆ. ಮೊದಲನೆಯದು, ಫೋರ್ ಬೈ ಫೋರ್ ಗಾಡಿಗೆ ಇದೆಲ್ಲ ಏಕೆ ಎಂಬುದು. ಹತ್ತುವ ವಿಷಯದಲ್ಲಿ ಈ ಮಾತು ನ್ಯಾಯವೇ. ಮೇಲಿನ ಲೆಕ್ಕದಲ್ಲಿ 60 ಪಾಲಿನ ಬದಲು ಪೂರ್ತಿ 100 ಪಾಲು ತೂಕ ತಳ್ಳುವ ಚಕ್ರಗಳ ಮೇಲಿರುತ್ತದೆ, ಹಾಗಾಗಿ ಮಂಜುಗಡ್ಡೆಯಲ್ಲೂ 8ಕ್ಕೆ ಎದುರಾಗಿ 10 ಸಿಗುತ್ತದೆ. ಆದರೆ ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇದೆ, ಇಳಿಯುವಾಗ ಫೋರ್ ಬೈ ಫೋರ್ ಗಾಡಿಗೆ ಹೆಚ್ಚುವರಿ ಹಿಡಿತವೇನೂ ಇಲ್ಲ. ಅದೇ ಇಳಿಜಾರಿನ ಮಂಜುಗಡ್ಡೆಯಲ್ಲಿ ನಿಲ್ಲಿಸಲು ಉಳಿಯುವುದು ಕೇವಲ 2 ಪಾಲು, 30ರ ವೇಗದಿಂದ ನಿಲ್ಲಲು 170 ಮೀಟರಿಗೂ ಹೆಚ್ಚು. ಸುಲಭವಾಗಿ ಮೇಲೆ ಹತ್ತಿಸಿದ ಗಾಡಿಯೇ ತನ್ನ ಚಾಲಕನನ್ನು ಇಳಿಯಲಾಗದ ಜಾಗಕ್ಕೆ ಕರೆದೊಯ್ದಿರುತ್ತದೆ. ಎರಡನೆಯದು, ಟೈರಿನ ಗಾಳಿ ಇಳಿಸಿದರೆ ಸಾಲದೇ ಎಂಬುದು. ಮರಳಿನಲ್ಲಿ ಅದು ನಡೆಯುವ ಉಪಾಯ. ಮಂಜುಗಟ್ಟಿದ ರಸ್ತೆಯಲ್ಲಿ ಅದರಿಂದ ಲಾಭ ಅಲ್ಪ, ಮೇಲಾಗಿ ಗಾಳಿ ಇಳಿದ ಟೈರಿನ ಮೇಲೆ ಚೈನ್ ಬಿಗಿಯಾಗಿ ನಿಲ್ಲುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ವರ್ಷಕ್ಕೊಮ್ಮೆಯೂ ಬಳಸದ ಚೈನಿಗೆ ದುಡ್ಡು ಏಕೆ, ದಾರಿಬದಿಯಲ್ಲಿ ಬಾಡಿಗೆಗೆ ಸಿಕ್ಕಿದ್ದನ್ನು ಹಾಕಿಕೊಂಡರಾಯಿತು, ಹಳ್ಳಿಗರು ಹಗ್ಗ ಸುತ್ತಿಕೊಂಡೇ ಹೋಗುವುದಿಲ್ಲವೇ ಎಂದು ಕೇಳಬಹುದು. ಹಗ್ಗದ ಉಪಾಯ ಹಳೆಯದು. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ 1904ರಲ್ಲಿ ಟೈರ್ ಚೈನಿಗೆ ಪೇಟೆಂಟ್ ಪಡೆದದ್ದೂ, ಚಾಲಕರು ಟೈರಿಗೆ ಹಗ್ಗ ಸುತ್ತುತ್ತಿದ್ದುದನ್ನು ಕಂಡ ಮೇಲೆಯೇ ಎಂದು ಹೇಳುತ್ತಾರೆ. ಆದರೆ ಅಳತೆಗೆ ಹೊಂದದ ಬಾಡಿಗೆ ಚೈನ್ ಸಡಿಲವಾಗಿಯೇ ಉಳಿಯುತ್ತದೆ, ಸಡಿಲ ಚೈನಿನ ಗತಿಯನ್ನು ಮೇಲೆ ನೋಡಿದೆವು. ಅಳತೆ ಸರಿಹೊಂದಿದರೆ ಬಾಡಿಗೆಗೆ ಪಡೆಯುವುದರಲ್ಲಿ ತಪ್ಪಿಲ್ಲ. ಹೊಂದದಿದ್ದರೆ, ತನ್ನ ಕಾರನ್ನು ಮನಾಲಿಯಲ್ಲೇ ಬಿಟ್ಟು, ಆ ರಸ್ತೆಯಲ್ಲೇ ಪಳಗಿದ ಸ್ಥಳೀಯ ಚಾಲಕನ ಫೋರ್ ಬೈ ಫೋರ್ ಗಾಡಿ ಹತ್ತುವುದು ಎಲ್ಲಕ್ಕಿಂತ ಅಗ್ಗದ ದಾರಿ. ಹಿಮದ ಚಾಲನೆ ಕಲಿಯಲು ಮೊದಲ ಪಾಠದ ಜಾಗ ಹೇರ್‌ಪಿನ್ ತಿರುವಲ್ಲ.

ಕೊನೆಗೆ ಹೊತ್ತಿನ ಲೆಕ್ಕ. ಮಧ್ಯಾಹ್ನದ ಹಿಮ ಸಂಜೆಯೊಳಗೆ ನೂರಾರು ಚಕ್ರಗಳಡಿ ತುಳಿಸಿಕೊಂಡು ಗಟ್ಟಿಯಾಗುತ್ತದೆ, ಬಿಸಿಲಿಗೆ ಕರಗಿದ ಭಾಗ ಕತ್ತಲಾಗುತ್ತಲೇ ಮಂಜುಗಡ್ಡೆಯಾಗುತ್ತದೆ. ಬೆಳಿಗ್ಗೆ 20 ಪಾಲು ಹಿಡಿತ ಕೊಟ್ಟ ಅದೇ ರಸ್ತೆ ಸಂಜೆ 10 ಕೊಡುತ್ತದೆ, ಮತ್ತು ಜನ ಹತ್ತುವುದು ಬೆಳಿಗ್ಗೆ, ಇಳಿಯುವುದು ಸಂಜೆ. ಆದ್ದರಿಂದ ಚೈನನ್ನು ಕಾರು ಜಾರಿದ ಮೇಲೆ ಹುಡುಕುವುದಲ್ಲ, ಜಾರುವ ರಸ್ತೆ ಶುರುವಾಗುವ ಮೊದಲೇ ಸಮತಟ್ಟು ಜಾಗದಲ್ಲಿ ಹಾಕಬೇಕು. ಹತ್ತಲಿಕ್ಕೇ ಚೈನ್ ಬೇಕಾಯಿತೆಂದರೆ, ಬಿಸಿಲಿರುವಾಗಲೇ ಇಳಿದು ಬರುವ ಹೊತ್ತನ್ನೂ ಅಲ್ಲೇ ಗೊತ್ತುಮಾಡಿಕೊಳ್ಳಬೇಕು. ಆ ಹೊತ್ತಿಗೆ ತಿರುಗಿ ಬರಲಾಗುವುದಿಲ್ಲ ಎನಿಸಿದರೆ ಆ ದಿನದ ರಸ್ತೆ ಡಬ್ಬಿಯಲ್ಲಿರುವ ಚೈನಿನಿಂದ ಪರಿಹಾರವಾಗುವಂಥದ್ದಲ್ಲ, ಕೆಳಗೇ ಉಳಿಯಬೇಕು.